ಮದುವೆ ಫೋಟೊದ ಕೆಳಗಿನ ಸಾಲು

ಮದುವೆ ಫೋಟೊಗ್ರಾಫರ್‌ಗೆ ಹೊಸ ಗಿರಾಕಿ ಬರುವುದು ಹಳೆಯ ಮದುವೆಯ ಫೋಟೊ ನೋಡಿ. ಹಾಗಾಗಿ ಪ್ರತಿ ಸೀಸನ್ ಮುಗಿದ ಮೇಲೆ ಆಯ್ದ ಹತ್ತಿಪ್ಪತ್ತು ಫೋಟೊಗಳು ಅವರ ವೆಬ್‌ಸೈಟ್‌ಗೋ ಇನ್‌ಸ್ಟಾಗ್ರಾಮ್‌ಗೋ ಏರುತ್ತವೆ. ಫೋಟೊ ಆರಿಸಲು ಎರಡು ದಿನ ಕೂರುವವರು ಅದರ ಕೆಳಗಿನ ಬರಹವನ್ನು ಎರಡು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ. ವಧುವಿನ ಹೆಸರು, ನಡುವೆ ಒಂದು ಹೃದಯದ ಚಿಹ್ನೆ, ವರನ ಹೆಸರು, ತಾರೀಖು, ಛತ್ರ, ಊರು. ಜೊತೆಗೆ ಅಲಂಕಾರದವರು, ಮೆಹೆಂದಿಯವರು, ಸೀರೆ ಅಂಗಡಿಯವರು ಎಲ್ಲರಿಗೂ ಟ್ಯಾಗ್. ಕೊನೆಗೆ ಹ್ಯಾಶ್‌ಟ್ಯಾಗ್‌ನಲ್ಲಿ ಜಾತಿಯ ಹೆಸರು, ಯಾಕೆಂದರೆ ಜನ ಹುಡುಕುವುದು ಹಾಗೆಯೇ.

ಈ ಸಾಲಿನಲ್ಲಿ ಫೋಟೊಗ್ರಾಫರ್‌ನ ಕೆಲಸದ ಬಗ್ಗೆ ಒಂದು ಮಾತೂ ಇಲ್ಲ. ಇರುವುದೆಲ್ಲ ಆ ಎರಡು ಮನೆಗಳ ವಿಷಯ. ಲಗ್ನಪತ್ರಿಕೆಯಲ್ಲೂ ಇವೆಲ್ಲ ಇರುತ್ತವಲ್ಲ ಎನ್ನಬಹುದು. ಇರುತ್ತವೆ, ಆದರೆ ಲಗ್ನಪತ್ರಿಕೆ ಯಾರ ಮನೆಗೆ ಹೋಗಬೇಕೆಂದು ಮನೆಯವರೇ ಕೂತು ಪಟ್ಟಿ ಮಾಡಿರುತ್ತಾರೆ.

ಒಂದು ಫೋಟೊ ಇಟ್ಟುಕೊಂಡೇ ನೋಡೋಣ. ಧಾರೆಯ ಹೊತ್ತು. ವಧೂವರರ ಕೈ, ಕೈಯಲ್ಲಿ ತೆಂಗಿನಕಾಯಿ, ಮೇಲಿನಿಂದ ಹಾಲು ಸುರಿಯುತ್ತಿದೆ. ಮುಖಗಳಿಲ್ಲ. ಇದಕ್ಕಿಂತ ನಿರಪಾಯದ ಫೋಟೊ ಬೇರೆ ಬೇಕೆ ಅನ್ನಿಸುತ್ತದೆ. ಸ್ವಲ್ಪ ದೊಡ್ಡದು ಮಾಡಿ ನೋಡಿ: ವಧುವಿನ ಮೆಹೆಂದಿಯ ಬಳ್ಳಿಯೊಳಗೆ ವರನ ಹೆಸರು ಅಡಗಿ ಕೂತಿದೆ. ಹಿಂದೆ ಮಸುಕಾಗಿ ಕಂಡರೂ ಓದಬಹುದಾದಂತೆ ಹೂವಿನ ಅಕ್ಷರಗಳಲ್ಲಿ ಬರೆದ ಹೆಸರಿನ ಫಲಕ. ಅಂಚಿನಲ್ಲಿ, ಅಜ್ಜಿಯ ತೊಡೆ ಮೇಲೆ ಕೂತ ಒಂದು ಮಗುವಿನ ಪೂರ್ತಿ ಮುಖ. ಫೋಟೊ ಕಡತಕ್ಕೆ ಕಂಪ್ಯೂಟರ್‌ನಲ್ಲಿ ಇಟ್ಟ ಹೆಸರಿನಲ್ಲೇ ಇಬ್ಬರ ಹೆಸರೂ ಊರೂ ಸೇರಿವೆ. ಸರ್ಚ್ ಎಂಜಿನ್‌ಗಳು ಆ ಹೆಸರನ್ನೂ ಓದುತ್ತವೆ. ಮೊಬೈಲ್‌ನಲ್ಲಿ ತೆಗೆದದ್ದಾದರೆ, ಲೊಕೇಶನ್ ಆನ್ ಇದ್ದರೆ, ಛತ್ರದ ಅಕ್ಷಾಂಶ ರೇಖಾಂಶವೂ ಕಡತದೊಳಗೆ ಇರುತ್ತದೆ. ದೊಡ್ಡ ಜಾಲತಾಣಗಳು ಅಪ್‌ಲೋಡ್ ಆಗುವಾಗ ಇದನ್ನು ಸಾಮಾನ್ಯವಾಗಿ ತೆಗೆದುಹಾಕುತ್ತವೆ. ಫೋಟೊಗ್ರಾಫರ್‌ನ ಸ್ವಂತ ವೆಬ್‌ಸೈಟ್‌ನಲ್ಲಿ ಅದು ತಾನಾಗಿ ಅಳಿಯುತ್ತದೆಂಬ ಖಾತರಿ ಇಲ್ಲ.

ಇನ್ನು ಟ್ಯಾಗ್. ನೀವು ಹೆಸರು ಹಾಕದಿದ್ದರೂ ಮೆಹೆಂದಿಯವರು ಅದೇ ಕೈಯ ಚಿತ್ರಕ್ಕೆ ವಧುವಿನ ಖಾತೆಯನ್ನೇ ಟ್ಯಾಗ್ ಮಾಡಿರುತ್ತಾರೆ. ನಿಮ್ಮ ಫೋಟೊದಿಂದ ಅವರ ಪುಟಕ್ಕೆ, ಅಲ್ಲಿಂದ ವಧುವಿನ ಪುಟಕ್ಕೆ ಎರಡೇ ಹೆಜ್ಜೆ. ಒಟ್ಟಿಗೆ ಕೆಲಸ ಮಾಡಿದವರೆಲ್ಲ ಒಂದು ಮಾತಿಗೆ ಬರದೆ ಒಬ್ಬರೇ ಮುಚ್ಚಿಟ್ಟು ಪ್ರಯೋಜನವಿಲ್ಲ.

ಯಾರೋ ನೋಡಿದರೆ ಏನಾಯಿತು? ಹೆಚ್ಚಿನ ಮದುವೆಗಳಲ್ಲಿ ಏನೂ ಆಗುವುದಿಲ್ಲ, ನಿಜ. ಆದರೆ ಮನೆಯವರ ವಿರೋಧ ಕಟ್ಟಿಕೊಂಡು ಜಾತಿ ಮೀರಿ ಮದುವೆಯಾದವರಿಗೆ ಊರು, ತಾರೀಖು, ಜಾತಿಯ ಹ್ಯಾಶ್‌ಟ್ಯಾಗ್ ಸೇರಿದ ಒಂದು ಸಾಲು ವಿಳಾಸ ಕೊಟ್ಟಂತೆಯೇ. ಮೈತುಂಬ ಒಡವೆಯ ಚಿತ್ರ ಹಾಕಿ, ಜೋಡಿ ಮಧುಚಂದ್ರಕ್ಕೆ ಹೊರಟಿದೆ ಎಂದೂ ಬರೆದರೆ ಮನೆಗೆ ಬೀಗ ಬಿದ್ದಿದೆ ಎಂದು ಸಾರಿದಂತಾಯಿತು. ಮದುವೆಗೆ ಬಂದವರದ್ದು ಇನ್ನೊಂದು ಕಥೆ. ಜ್ವರ ಎಂದು ಆಫೀಸಿಗೆ ರಜೆ ಹಾಕಿ ಬಂದವರು ಇರುತ್ತಾರೆ. ಹೆಣ್ಣೊಪ್ಪಿಸುವಾಗ ಬಿಕ್ಕಿದ ಸೋದರಮಾವ ತನ್ನ ಅಳುಮುಖ ಅಪರಿಚಿತರ ಮೊಬೈಲ್‌ನಲ್ಲಿ ಓಡಾಡಲಿ ಎಂದು ಬಯಸಿರುವುದಿಲ್ಲ.

ಒಪ್ಪಿಗೆ ತೆಗೆದುಕೊಂಡಿದ್ದೇವೆ ಎನ್ನುವವರನ್ನು ಯಾರ ಒಪ್ಪಿಗೆ ಎಂದು ಕೇಳಬೇಕು. ನಮ್ಮಲ್ಲಿ ಫೋಟೊದವರ ಜೊತೆ ರೇಟು ಮಾತಾಡಿ ಮುಂಗಡ ಕೊಡುವುದು ಸಾಮಾನ್ಯವಾಗಿ ವಧುವಿನ ತಂದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕುದಾರರು ತೆಗೆಸಿದವರೇ. ಕ್ಯಾಮೆರಾ ನನ್ನದು, ಕಣ್ಣು ನನ್ನದು, ಆದ್ದರಿಂದ ಫೋಟೊ ನನ್ನದು ಎಂದು ನಂಬಿರುವ ಫೋಟೊಗ್ರಾಫರ್‌ಗಳೇ ಹೆಚ್ಚು. ಈ ಕಲಮು ತಿಳಿದರೆ ಅವರು ಬೆಚ್ಚಿಬೀಳುತ್ತಾರೆ. ಅಂದರೆ ಪ್ರದರ್ಶಿಸುವ ಹಕ್ಕು ಬೇಕಿದ್ದರೆ ಬರಹದಲ್ಲೇ ಪಡೆಯಬೇಕು. ಆದರೆ ತಂದೆ ಸಹಿ ಹಾಕಿದ ಮಾತ್ರಕ್ಕೆ ಮಗಳ ಮುಖಕ್ಕೆ ಒಪ್ಪಿಗೆ ಸಿಕ್ಕಂತಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಬಹುದು ಎನ್ನುತ್ತದೆ. 18 ತುಂಬದವರ ವಿಷಯದಲ್ಲಿ ತಂದೆತಾಯಿಯ ಒಪ್ಪಿಗೆ ಕೇಳುತ್ತದೆ.

ಕೇಳುವ ಹೊತ್ತೂ ಮುಖ್ಯ. ಮುಹೂರ್ತದ ಬೆಳಿಗ್ಗೆ ಯಾರು ಏನು ಕೇಳಿದರೂ 'ಆಯ್ತು' ಎನ್ನುತ್ತಾರೆ, ಅದನ್ನು ಒಪ್ಪಿಗೆ ಎಂದು ಲೆಕ್ಕಕ್ಕೆ ಹಿಡಿಯಬಾರದು. ಆಲ್ಬಮ್‌ಗೆ ಫೋಟೊ ಆರಿಸುವ ಹೊತ್ತಿಗೆ ಗದ್ದಲ ಇಳಿದಿರುತ್ತದೆ. ಆಗ ಫೋಟೊವನ್ನೂ ಅದರ ಕೆಳಗೆ ಹಾಕಲಿರುವ ಬರಹವನ್ನೂ ಒಟ್ಟಿಗೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಕು. ಹೀಗೆ ಬರೆದರೆ ಸಾಕು: 'ಮೇಡಂ, ನಮಸ್ಕಾರ. ಈ ನಾಲ್ಕು ಫೋಟೊ ನಮ್ಮ ವೆಬ್‌ಸೈಟ್‌ನಲ್ಲಿ ಹಾಕಬಹುದಾ? ಹೆಸರು, ಊರು, ತಾರೀಖು ಹಾಕಲ್ಲ. ಸರ್ ಅವರನ್ನೂ ಒಂದು ಮಾತು ಕೇಳಿ. ಬೇಡ ಅನ್ನಿಸಿದ್ದು ಯಾವುದಿದ್ದರೂ ಹೇಳಿ, ಮುಂದೆ ಯಾವತ್ತಾದರೂ ತೆಗೀಬೇಕು ಅಂದರೂ ತೆಗೀತೀವಿ.' ಉತ್ತರ ಬರದಿದ್ದರೆ ಹಾಕುವಂತಿಲ್ಲ.

ಈಗ ಧಾರೆಯ ಫೋಟೊಗೆ ಮರಳೋಣ. ಮಗು ಹೊರಗುಳಿಯುವಂತೆ ಅಂಚು ಕತ್ತರಿಸಬೇಕು. ಹೆಸರಿನ ಫಲಕ ಕಾಣದ ಇನ್ನೊಂದು ಕೋನದ ಚಿತ್ರ ಇದ್ದೇ ಇರುತ್ತದೆ, ಅದನ್ನು ಆರಿಸಬೇಕು. ಮೆಹೆಂದಿಯ ಅಕ್ಷರ ಹಾಲಿನ ಹನಿಯ ಹಿಂದೆ ಮರೆಯಾದ ಕ್ಷಣ ಸಿಕ್ಕಿದರೆ ಇನ್ನೂ ಒಳ್ಳೆಯದು. ಕಡತದ ಹೆಸರು `dhaare-haalu-01.jpg` ಎಂದಿದ್ದರೆ ಸಾಕು. ಕೆಳಗಿನ ಬರಹ ಹೀಗಿರಬಹುದು:

'ಧಾರೆ. ತೆರೆದ ಅಂಗಳ, ಹಸಿರು ಬಟ್ಟೆಯ ಚಪ್ಪರ. ಚಪ್ಪರದ ಹಸಿರು ಮೈಬಣ್ಣಕ್ಕೆ ಬೀಳದಿರಲೆಂದು ಬಿಸಿಲಿನ ಕಡೆಯಿಂದ ಬಿಳಿ ಪಂಚೆ ಹಿಡಿದು ಬೆಳಕು ತಿರುಗಿಸಿದ್ದೇವೆ. ಹಾಲು ಹನಿಯಾಗದೆ ಎಳೆಯಾಗಿ ಕಾಣಲು ಶಟರ್ 1/60. ವಧೂವರರ ಒಪ್ಪಿಗೆಯೊಂದಿಗೆ.'

ಮದುವೆ ಗೊತ್ತಾದ ಇನ್ನೊಂದು ಮನೆಯವರು ಇದನ್ನು ಓದಿದರೆ ಅವರಿಗೆ ಬೇಕಾದದ್ದು ಸಿಗುತ್ತದೆ. ತಮ್ಮ ಮನೆಯಂಗಳದಲ್ಲೂ ಹಸಿರು ಚಪ್ಪರವೇ ಹಾಕುವುದು, ಈತನಿಗೆ ಅದನ್ನು ನಿಭಾಯಿಸಲು ಬರುತ್ತದೆ ಎಂದು ಗೊತ್ತಾಗುತ್ತದೆ. ರಿಸೆಪ್ಶನ್ ಚಿತ್ರವಾದರೆ ಎಲ್‌ಇಡಿ ದೀಪದ ಮಾತು ಬರಬಹುದು. ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ, ಶಟರ್ ವೇಗ ಹೆಚ್ಚಿಸಿದರೆ ಚಿತ್ರದ ಮೇಲೆ ಕಪ್ಪು ಪಟ್ಟೆ ಬೀಳುತ್ತದೆ. ಅದನ್ನು 1/100ಕ್ಕೆ ಇಳಿಸಿ ತಪ್ಪಿಸಿದ್ದೇವೆ ಎಂಬ ಒಂದು ಸಾಲು ಎರಡು ಹೆಸರು ಮತ್ತು ಒಂದು ಹೃದಯಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ.

ತಾರೀಖು ಹಾಕದಿದ್ದರೂ ಮದುವೆಯ ಮರುದಿನವೇ ಫೋಟೊ ಹಾಕಿದರೆ ತಾರೀಖು ತಾನಾಗಿ ತಿಳಿಯುತ್ತದೆ. ಒಂದೆರಡು ತಿಂಗಳು ಬಿಟ್ಟು, ಬೇರೆ ಬೇರೆ ಮದುವೆಗಳ ಚಿತ್ರಗಳನ್ನು ಬೆರೆಸಿ 'ಚಪ್ಪರದ ಬೆಳಕು' ಎಂದೋ 'ಧಾರೆ' ಎಂದೋ ಒಂದೊಂದು ಗುಂಪು ಮಾಡುವುದು ಮೇಲು. ಮುಂದೆ ಆ ಜೋಡಿ ಬೇರೆಯಾಗಿ, ತೆಗೆದುಬಿಡಿ ಎಂದು ಕೇಳಿದರೂ ಆ ಒಂದು ಚಿತ್ರ ತೆಗೆದರೆ ಮುಗಿಯಿತು. ಹೆಸರು ಹಾಕಿರದ ಕಾರಣ ಹುಡುಕಾಟದ ಫಲಿತಾಂಶದಲ್ಲಿ ಅದು ನೇತಾಡುತ್ತಿರುವುದಿಲ್ಲ. ಆದರೆ ಬೇರೆಯವರು ಉಳಿಸಿಕೊಂಡ ಪ್ರತಿಗಳು ಯಾರ ಕೈಗೂ ಸಿಗುವುದಿಲ್ಲ. ಇದನ್ನು ಒಪ್ಪಿಗೆ ಕೇಳುವಾಗಲೇ ಹೇಳಿಬಿಡಬೇಕು.

ಎಲ್ಲರೂ ಮರೆಯುವುದು ಸ್ಟುಡಿಯೊ ಮೇಜಿನ ಮೇಲಿನ ಸ್ಯಾಂಪಲ್ ಆಲ್ಬಮ್. ಅದರ ರಟ್ಟಿನ ಮೇಲೆ ಯಾರದೋ ಹೆಸರು, ತಾರೀಖು ಚಿನ್ನದ ಅಕ್ಷರದಲ್ಲಿ ಹೊಳೆಯುತ್ತಿರುತ್ತದೆ. ಬಂದವರೆಲ್ಲ ಕಾಫಿ ಕುಡಿಯುತ್ತ ಆ ಮನೆಯ 40 ಪುಟ ತಿರುವುತ್ತಾರೆ. ಲ್ಯಾಬ್‌ಗೆ ಕಳಿಸುವಾಗ ಸ್ಯಾಂಪಲ್‌ಗೆ ಬೇರೆ ರಟ್ಟು ಬೇಕು ಎಂದು ಬರೆದರೆ ಹೆಸರಿಲ್ಲದ ಆಲ್ಬಮ್ಮೇ ಬರುತ್ತದೆ, ಅದಕ್ಕೆ ಲ್ಯಾಬ್‌ನವರ ತಕರಾರೇನೂ ಇರುವುದಿಲ್ಲ.