ಬಿಟ್ಟ ಪದಕ್ಕೂ ಲೆಕ್ಕ ಬೇಕು

x ಸೊನ್ನೆಯತ್ತ ಸರಿದಾಗ (x − sin x)/x³ ಯಾವ ಬೆಲೆಯನ್ನು ಸಮೀಪಿಸುತ್ತದೆ? ‘ಚಿಕ್ಕ x ಇದ್ದಾಗ sin x ಅಂದರೆ x ತಾನೇ’ ಎಂದು ಉಳಿದದ್ದನ್ನು ಕೈಬಿಟ್ಟರೆ ಸೊನ್ನೆ ಬರುತ್ತದೆ. ಅದು ತಪ್ಪು: ಕೈಬಿಟ್ಟ ಭಾಗ ಛೇದದಲ್ಲಿರುವ x³ಕ್ಕೆ ಸರಿಸಾಟಿಯಾದದ್ದು.

ಟೇಲರ್ ಬಹುಪದೋಕ್ತಿಯನ್ನು ಶೇಷದ ಸಮೇತ ಬರೆಯೋಣ: sin x = x − x³/6 + R. ಸೈನ್ ಅನ್ನು ಐದು ಸಲ ಅವಕಲಿಸಿದರೆ ಸಿಗುವುದು ಕೊಸೈನ್. ಅದರ ಗಾತ್ರ 1ನ್ನು ಮೀರದು. ಹಾಗಾಗಿ |R| ≤ |x|⁵/120. ಇದನ್ನು |x|³ರಿಂದ ಭಾಗಿಸಿದರೆ, ನಮ್ಮ ಭಿನ್ನರಾಶಿಗೂ 1/6ಕ್ಕೂ ಇರುವ ಅಂತರ x²/120ನ್ನು ದಾಟುವುದಿಲ್ಲ ಎಂದಾಯಿತು. x = 0.1 ಆದಾಗಲೇ ಅದು 0.0001ಕ್ಕಿಂತ ಕಡಿಮೆ, x ಕುಗ್ಗಿದಂತೆ ಅದೂ ಸೊನ್ನೆಗೆ ಇಳಿಯುತ್ತದೆ. ಆದ್ದರಿಂದ ಮಿತಿ 1/6.

ಪದ ಬಿಡುವ ಮುನ್ನ ಶೇಷವನ್ನು ಛೇದದಿಂದ ಭಾಗಿಸಿ ನೋಡಿ. ಅದು ಸೊನ್ನೆಗೆ ಹೋಗದಿದ್ದರೆ ಇನ್ನೊಂದು ಪದ ಸೇರಿಸಿ.