‘ಬ್ರಹ್’: ಒಂದು ಪದ, ಹಲವು ದನಿ

ಪಲ್ಲಡದ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ದುಡಿಯುವ ಅಣ್ಣ. ತಾಳವಾಡಿಯ ಕನ್ನಡ ಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುವ ತಮ್ಮ. ಇಂತಹ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಶನಿವಾರದ ಶಾಲಾ ವಾರ್ಷಿಕೋತ್ಸವಕ್ಕೆ ಬರುವೆನೆಂದು ಅಣ್ಣ ಮಾತು ಕೊಟ್ಟಿದ್ದಾನೆ. ಗುರುವಾರ ರಾತ್ರಿ ಅವನಿಂದ ಮೊಬೈಲಿಗೆ ಸಂದೇಶ ಬರುತ್ತದೆ: “ಶನಿವಾರ ಬರಕ್ಕಾಗಲ್ಲ ಕಣೋ. ಆರ್ಡರ್ ಮುಗಿಸಿಕೊಡಬೇಕು.” ತಮ್ಮನ ಉತ್ತರ ಒಂದೇ ಪದ:

bruh

ಅಣ್ಣನಿಗೆ ಸಿಟ್ಟು ಬರುತ್ತದೆ. ಹಗಲಿರುಳು ಮಗ್ಗದ ಸದ್ದಿನಲ್ಲಿ ನಿಂತು ದುಡಿಯುವವನಿಗೆ ‘ಅಣ್ಣ’ ಎಂದೂ ಕರೆಯದೆ, ಬೀದಿಯ ಗೆಳೆಯನಿಗೆ ಹೇಳಿದಂತೆ ಹೇಳಿಬಿಟ್ಟನಲ್ಲ ಎಂದು ಅವನ ಎಣಿಕೆ. ತಮ್ಮನಾದರೋ ಆ ಪದವನ್ನು ಬರೆದಾಗ ಅಳುವಿನ ಅಂಚಿನಲ್ಲಿದ್ದ. ಇಬ್ಬರ ನಡುವೆ ಬಂದು ನಿಂತದ್ದು ಪದದ ಅರ್ಥವಲ್ಲ, ಅದರ ದನಿ. ಪರದೆಯ ಮೇಲೆ ಪದ ಮಾತ್ರ ತಲುಪಿತು. ದನಿ ತಾಳವಾಡಿಯಲ್ಲಿಯೇ ಉಳಿಯಿತು.

ಈ ಪದದ ಮೂಲದಲ್ಲಿಯೇ ಒಂದು ಸ್ವಾರಸ್ಯವಿದೆ. ‘ಬ್ರಹ್’ ಎಂದರೆ ಹುಟ್ಟಿನಲ್ಲಿ ‘ಅಣ್ಣ’ ಅಥವಾ ‘ತಮ್ಮ’ ಎಂದೇ ಅರ್ಥ. ಇಂಗ್ಲಿಷಿನ ‘ಬ್ರದರ್’ ಪದವು ಅಮೆರಿಕದ ಕರಿಯ ಜನಾಂಗದವರ ಆಡುನುಡಿಯಲ್ಲಿ ಮೊಟಕಾಗಿ ಈ ರೂಪ ತಳೆಯಿತು. ಅವರ ಜನಪದ ಕಥೆಗಳಲ್ಲಿ ಪ್ರಾಣಿಗಳ ಹೆಸರಿನ ಹಿಂದೆ ಇದು ಗೌರವದ ಪದವಾಗಿ ನಿಲ್ಲುತ್ತಿತ್ತು. ವರ್ಜೀನಿಯಾ ಹ್ಯಾಮಿಲ್ಟನ್ 1985ರಲ್ಲಿ ಹೊರತಂದ ಅಂತಹ ಕಥೆಗಳ ಸಂಗ್ರಹದಲ್ಲಿ ಮೊಲ, ಮೊಸಳೆ, ಹಲ್ಲಿಗಳೆಲ್ಲ ‘ಬ್ರಹ್’ಗಳೇ, ನಮ್ಮ ಅಜ್ಜಿಯರ ಕಥೆಗಳ ‘ನರಿಯಣ್ಣ’, ‘ಮೊಲದಣ್ಣ’ರಂತೆ. 2013ರಲ್ಲಿ ಆರಂಭವಾದ ವೈನ್ ಎಂಬ ಆರು ಸೆಕೆಂಡಿನ ವೀಡಿಯೊಗಳ ತಾಣದ ಕಾಲದಲ್ಲಿ, ಈ ಪದವು ಒಂದು ತುಣುಕು ಸದ್ದಾಗಿ ಲೋಕದ ಮಕ್ಕಳ ಕಿವಿಗೆಲ್ಲ ಬಿದ್ದಿತು.

ತಮಿಳುನಾಡಿನ ಬೀದಿಗಳಲ್ಲಿ ಇದರ ಸೋದರ ಪದವಾದ ‘ಬ್ರೋ’ ಎಲ್ಲರಿಗೂ ಪರಿಚಿತ. ಆದರೆ ಇವೆರಡರ ಕೆಲಸ ಬೇರೆ. ‘ಬ್ರೋ’ ಸಾಮಾನ್ಯವಾಗಿ ಕರೆಯುವ ಪದ. ‘ಬ್ರೋ’ ಎಂದೊಡನೆ ಎದುರಿನವರು ತಿರುಗಿ ನೋಡಿ, ಮುಂದಿನ ಮಾತಿಗೆ ಕಾಯುತ್ತಾರೆ. ‘ಬ್ರಹ್’ ಒಂಟಿಯಾಗಿ ಬಂದಾಗ ಮುಂದೆ ಮಾತಿಲ್ಲ. ಅದೇ ಪೂರ್ಣ ಉತ್ತರ. ಅದನ್ನು ಗೆಳತಿಗೆ, ತಾಯಿಗೆ, ಹಾಲು ಚೆಲ್ಲಿದ ಬೆಕ್ಕಿಗೆ, ಕೆಟ್ಟುನಿಂತ ಬೈಸಿಕಲ್ಲಿಗೂ ಹೇಳಬಹುದು. ಅಂದರೆ ಅದರೊಳಗಿನ ‘ಅಣ್ಣ’ ಸವೆದುಹೋಗಿ, ಭಾವವಷ್ಟೇ ಉಳಿದಿದೆ.

ಇದು ಕನ್ನಡಿಗರಿಗೆ ಹೊಸತಲ್ಲ. “ಅಪ್ಪಾ! ಏನು ಬಿಸಿಲು!” ಎನ್ನುವಾಗ ಯಾರೂ ತಂದೆಯನ್ನು ಕರೆಯುತ್ತಿರುವುದಿಲ್ಲ. ಕಾಲಿಗೆ ಮುಳ್ಳು ಚುಚ್ಚಿ “ಅಮ್ಮಾ!” ಎಂದವನ ತಾಯಿ ಹತ್ತಿರದಲ್ಲಿ ಇರಬೇಕೆಂದಿಲ್ಲ. ಬಂಧುವಾಚಕ ಪದ ಸಂಬೋಧನೆಯಾಗಿ, ಸಂಬೋಧನೆ ಸವೆದು ಭಾವಸೂಚಕ ಅವ್ಯಯವಾಗುವ ದಾರಿ ಇದು. ‘ಬ್ರಹ್’ ನಡೆದದ್ದೂ ಅದೇ ದಾರಿ.

ಭಾವಸೂಚಕ ಪದಕ್ಕೆ ನಿಘಂಟಿನ ಅರ್ಥ ಕಡಿಮೆ, ದನಿಯ ಅರ್ಥ ಹೆಚ್ಚು. ‘ಬ್ರಹ್’ ಪದದ ಸ್ವರ ನಮ್ಮ ಹ್ರಸ್ವ ‘ಅ’ಕಾರಕ್ಕೆ ಹತ್ತಿರವಾದುದು, ಕೊನೆಯ ‘ಹ್’ ಬಹುಮಟ್ಟಿಗೆ ಬರಿಯ ಉಸಿರು. ಈ ಪುಟ್ಟ ಸ್ವರವನ್ನು ಏರಿಸುವುದು, ಇಳಿಸುವುದು, ಎಳೆಯುವುದು, ತುಂಡರಿಸುವುದು, ಇವುಗಳಿಂದಲೇ ಅರ್ಥ ಬದಲಾಗುತ್ತದೆ. ಚಿಕ್ಕದಾಗಿ ಹೇಳಿ ಕೊನೆಯಲ್ಲಿ ದನಿಯನ್ನು ಏರಿಸಿದರೆ ಅದು ಅಪನಂಬಿಕೆ: “ನಿಜವೇನೋ?” ಎಂಬಂತೆ. ಮೇಲಿನಿಂದ ಆರಂಭಿಸಿ ನಿಧಾನವಾಗಿ ಇಳಿಸುತ್ತ, ಉಸಿರಿನಲ್ಲಿ ಮುಗಿಸಿದರೆ ನಿರಾಶೆ: “ಹೀಗಾಯಿತಲ್ಲ” ಎಂಬಂತೆ. ನಗು ಒಳಗಿಂದ ತಳ್ಳಿ ಸ್ವರ ನಡುಗಿದರೆ ವಿನೋದ. ಗೆಳೆಯ ಉಪ್ಪೆಂದು ಸಕ್ಕರೆ ಹಾಕಿದ ಸಾರನ್ನು ಉಂಡವನು ಹೇಳುವಂತೆ. ಏರಿಳಿತವೇ ಇಲ್ಲದೆ ತುಂಡಾಗಿ ಹೇಳಿದರೆ “ಸಾಕು, ಇನ್ನು ಮಾತು ಬೇಡ” ಎಂಬ ಬೇಸರ. ಅಣ್ಣ ಓದಿಕೊಂಡದ್ದು ಈ ಕೊನೆಯ ದನಿಯಲ್ಲಿ. ತಮ್ಮ ಬರೆದದ್ದು ಎರಡನೆಯದರಲ್ಲಿ.

ಕನ್ನಡ ವ್ಯಾಕರಣದ ಪಾಠದಲ್ಲಿ ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು ಎಂದು ಮಕ್ಕಳು ಕಲಿಯುತ್ತಾರೆ. ದೂರದವರನ್ನು ಕರೆಯುವಾಗ, ಅಳುವಾಗ, ಹಾಡುವಾಗ ಸ್ವರ ಪ್ಲುತವಾಗುತ್ತದೆ. ಈ ಹೊಸ ಪದವನ್ನು ಎಳೆದು ಬರೆಯುವ ಮಕ್ಕಳು ಹುಡುಕುತ್ತಿರುವುದೂ ಪ್ಲುತವನ್ನೇ. ಆದರೆ bruhhhh ಎಂದು ಅವರು ಹಿಗ್ಗಿಸುವುದು ಕೊನೆಯ ವ್ಯಂಜನವನ್ನು. ಬಾಯಿಯಲ್ಲಿ ಹಿಗ್ಗುವುದು ಅದರ ಹಿಂದಿನ ಸ್ವರ. ಹಾಗೆಯೇ bruh? ಎಂಬುದರಲ್ಲಿ ಏರುವ ದನಿಯೂ, bruh. ಎಂದು ಬಿಂದು ಇಟ್ಟಾಗ ತುಂಡರಿಸಿದ ದನಿಯೂ ಹಲವರ ಕಿವಿಗೆ ಕೇಳಿಸುತ್ತವೆ. ಇವು ಕಟ್ಟಳೆಗಳಲ್ಲ, ರೂಢಿಗಳು. ಶಾಲೆಯಲ್ಲಿ ಕಲಿತಂತೆ ಮಾತಿನ ಕೊನೆಗೆ ತಪ್ಪದೆ ಬಿಂದು ಇಡುವ ಹಿರಿಯರ ಸಂದೇಶವನ್ನು ಮಕ್ಕಳು ಮುನಿಸೆಂದು ತಿಳಿಯುವುದೂ ಇದರಿಂದಲೇ. ಯಾವ ಗುರುತೂ ಇಲ್ಲದ ಬರಿಯ bruh ಮಾತ್ರ ಓದುವವರ ಮನಃಸ್ಥಿತಿಯನ್ನೇ ತನ್ನ ದನಿಯಾಗಿಸಿಕೊಳ್ಳುತ್ತದೆ. ದಣಿದವನಿಗೆ ಅದು ತಾತ್ಸಾರ, ಹರ್ಷದಲ್ಲಿರುವವನಿಗೆ ತಮಾಷೆ.

ಹಾಗಾದರೆ ಓದುವವರು ತಿಳಿಯುವುದು ಹೇಗೆ? ಮೊದಲು ನೋಡಬೇಕಾದುದು ಅದರ ಹಿಂದಿನ ಸಂದೇಶವನ್ನು. ಕೊಟ್ಟ ಮಾತು ತಪ್ಪಿದ ಸುದ್ದಿಯ ಬೆನ್ನಿಗೆ ಬಂದ ‘ಬ್ರಹ್’ ನಿರಾಶೆಯೇ ಆಗಿರುವ ಸಂಭವ ಹೆಚ್ಚು. ನಂಬಲಾಗದ ಸುದ್ದಿಯ ಬೆನ್ನಿಗೆ ಬಂದುದು ಬೆರಗು. ಎರಡನೆಯದು, ಆ ಮಗು ಅದನ್ನು ಬೇರೆಯವರಿಗೂ ಹೇಳುತ್ತದೆಯೇ ಎಂಬುದು. ಅಕ್ಕನಿಗೂ ಬೆಕ್ಕಿಗೂ ಅದೇ ಪದವಾದರೆ, ಅಣ್ಣನ ಸ್ಥಾನವನ್ನು ಇಳಿಸಲು ಅದನ್ನು ಆರಿಸಿಕೊಂಡದ್ದಲ್ಲ. ಇಷ್ಟರಿಂದಲೂ ತಿಳಿಯದಿದ್ದರೆ ದನಿಯನ್ನೇ ಕೇಳಬೇಕು.

ಬರೆಯುವ ಮಕ್ಕಳಿಗೂ ಒಂದು ಹೊಣೆಯಿದೆ. ಸಹಪಾಠಿಗಳ ನಡುವೆ ದನಿಯಿಲ್ಲದೆಯೂ ಈ ಪದ ತಲುಪುತ್ತದೆ, ಏಕೆಂದರೆ ಅವರು ಅದನ್ನು ಪರಸ್ಪರರ ಬಾಯಿಂದ ನೂರು ಬಾರಿ ಕೇಳಿದ್ದಾರೆ. ಎಂದೂ ಕೇಳದ ಅಜ್ಜಿಗೆ, ಮಾವನಿಗೆ, ಗುರುಗಳಿಗೆ ಆ ನೆನಪಿನ ನೆರವಿಲ್ಲ. ಅಲ್ಲಿ ಒಂದು ವಾಕ್ಯವೇ ಬೇಕು.

ಮತ್ತೆ ಆ ಗುರುವಾರದ ರಾತ್ರಿ. ಅಣ್ಣ ಕರೆ ಮಾಡುತ್ತಾನೆ. “ಅಣ್ಣ ಅನ್ನೋಕೆ ಬಾಯಿ ಬರಲ್ವೇನೋ ನಿಂಗೆ?” ಎಂದು ಗದರಿ, ತಾನು ಓದಿಕೊಂಡ ಗಡುಸಿನಲ್ಲಿಯೇ ಆ ಪದವನ್ನು ಒಪ್ಪಿಸುತ್ತಾನೆ. ಆ ಕಡೆಯಿಂದ ಸಣ್ಣ ನಗು. “ಹಂಗಲ್ಲಣ್ಣ” ಎಂದು ತಮ್ಮ ಅದನ್ನೇ ಎಳೆದು, ಇಳಿಸಿ ಹೇಳುತ್ತಾನೆ. ಆಮೇಲೆ, ಅದೇ ಎಳೆತದಲ್ಲಿ, ಅದೇ ಇಳಿತದಲ್ಲಿ: “ಬತ್ತೀನಿ ಅಂದಿದ್ದೆಲ್ಲಾ, ಅಣ್ಣಾ…”

ಶೆಡ್ಡಿನ ಬಾಗಿಲಲ್ಲಿ ನಿಂತವನಿಗೆ, ಮಗ್ಗಗಳ ಸದ್ದಿನ ನಡುವೆಯೂ, ಎರಡೂ ಒಂದೇ ಮಾತೆಂಬುದು ಕೇಳಿಸುತ್ತದೆ.