ಬಿಲ್ಲಿಗಿಂತ ಜಾಬ್ ಶೀಟ್ ಗಟ್ಟಿ

ಉದಾಹರಣೆಗೆ, ದಾವಣಗೆರೆಯ ಒಂದು ಮನೆಗೆ 28,000 ರೂಪಾಯಿಯ ಫ್ರಿಜ್ ಬಂತು ಎಂದುಕೊಳ್ಳೋಣ. ಹನ್ನೆರಡನೇ ದಿನಕ್ಕೆ ಹಾಲು ಒಡೆಯತೊಡಗಿತು. ಅಂಗಡಿಯವನದು ಸಿದ್ಧ ಉತ್ತರ: "ಮಾರಿದ ಮಾಲು ವಾಪಸ್ ಇಲ್ಲ ಸಾರ್, ಕಂಪನಿಗೆ ಫೋನ್ ಮಾಡಿ."

ಈ ಮಾತು ಅರ್ಧ ಮಾತ್ರ ನಿಜ. ವಾರಂಟಿ ಕಾರ್ಡು ಸಾಮಾನ್ಯವಾಗಿ ಕೊಡುವುದು ರಿಪೇರಿಯ ಭರವಸೆ, ಹಣದ್ದಲ್ಲ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೊಂದು ಮಾತು ಹೇಳುತ್ತದೆ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಆದ್ದರಿಂದ ಹನ್ನೆರಡನೇ ದಿನವೇ ಬರವಣಿಗೆಯಲ್ಲಿ ದೂರು ಕೊಡಬೇಕು. ಬಾಯಿಮಾತಿಗೆ ತಾರೀಖು ಇರುವುದಿಲ್ಲ.

ಮೆಕ್ಯಾನಿಕ್ ಬಂದಾಗಲೆಲ್ಲ ಜಾಬ್ ಶೀಟಿನ ಪ್ರತಿ ಕೇಳಿ ಪಡೆಯಬೇಕು. "ಗ್ಯಾಸ್ ತುಂಬಿದೆ" ಎಂದು ಮೂರು ಸಲ ಬರೆದಿದ್ದರೆ, ದೋಷ ರಿಪೇರಿಗೆ ಬಗ್ಗುತ್ತಿಲ್ಲ ಎನ್ನಲು ಅದೇ ಸಾಕ್ಷಿ. "ವೋಲ್ಟೇಜ್ ಏರಿಳಿತ" ಎಂದು ಗೀಚಿದ್ದರೆ ಕಣ್ಣುಮುಚ್ಚಿ ಸಹಿ ಹಾಕಬಾರದು. ತಕರಾರನ್ನು ಅದರ ಮೇಲೇ ಬರೆಯಬೇಕು. ತಪ್ಪನ್ನು ಗ್ರಾಹಕನ ತಲೆಗೆ ಕಟ್ಟುವ ದಾರಿ ಅದು.

ಮುಂದೆ ಅಂಗಡಿಗೂ ಕಂಪನಿಗೂ ಸ್ಪೀಡ್ ಪೋಸ್ಟ್‌ನಲ್ಲಿ 15 ದಿನದ ಗಡುವಿನ ನೋಟಿಸು. 1915 ಸಹಾಯವಾಣಿಗೂ ಹೇಳಬಹುದು. ಅದು ರಾಜಿ ಮಾಡಿಸೀತು, ಆದೇಶ ಮಾಡದು. ಆದೇಶ ಬೇಕಿದ್ದರೆ ತಾನಿರುವ ಊರಿನ ಜಿಲ್ಲಾ ಗ್ರಾಹಕ ಆಯೋಗ. ಈ ಬೆಲೆಯ ವಸ್ತುವಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ಹೋಗಬೇಕು. ಆದರೆ ಆಯೋಗವೂ ಮೊದಲು ರಿಪೇರಿ ಅಥವಾ ಬದಲಿ ಫ್ರಿಜ್ ಕೊಡಿಸಬಹುದು, ಹಣವೇ ಸಿಕ್ಕೀತೆಂಬ ಖಾತರಿಯಿಲ್ಲ.